ಸ್ವಾಗತ ಭಾಷಣ ಬೇಡ ಟೀಚರೇ, ಹಲ್ಲಿ–ಹಳ್ಳಿ ಹೇಳಿ

ಪ್ರಶ್ನೆ: ನಾನು ಬ್ರಹ್ಮಾವರದವಳು. 11 ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ್ದೇನೆ. ಈಗ ವಿದೇಶದಲ್ಲಿರುವ ನಮ್ಮವರ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಲು ಪ್ರೆಪ್ಲಿ ಎಂಬ ಟ್ಯೂಷನ್ ಜಾಲತಾಣದಲ್ಲಿ ಪ್ರೊಫೈಲ್ ಮಾಡುತ್ತಿದ್ದೇನೆ. ಅದಕ್ಕೆ ಪರಿಚಯದ ವಿಡಿಯೊ ಬೇಕು. ಇಪ್ಪತ್ತು ಸಲ ರೆಕಾರ್ಡ್ ಮಾಡಿದೆ, ಒಂದೂ ನನಗೇ ನೋಡಲಾಗುವುದಿಲ್ಲ. ಮಗ “ವಾರ್ಷಿಕೋತ್ಸವದ ಸ್ವಾಗತ ಭಾಷಣದ ಹಾಗೆ ಉಂಟಮ್ಮ” ಅಂತಾನೆ. ನಮ್ಮ ಕಡೆಯ ಕನ್ನಡ ಕೇಳಿ ಯಾರಾದರೂ ನಕ್ಕರೆ ಎಂಬ ಅಳುಕೂ ಇದೆ. ಇದ್ದದ್ದರಲ್ಲಿ ಒಳ್ಳೆಯದನ್ನು ನಿಮಗೆ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ಟೀಚರೇ, ನಿಮ್ಮ ವಿಡಿಯೊವನ್ನು ಮೂರು ಸಲ ನೋಡಿದೆ. ಅದರಲ್ಲಿ ನೀವು ನೀವಾಗಿ ಕಾಣಿಸುವುದು ಒಂದೇ ಕಡೆ, ಕೊನೆಯ ಎರಡು ಸೆಕೆಂಡಿನಲ್ಲಿ. ಮಾತು ಮುಗಿಸಿ, “ಆಯ್ತಾ?” ಎಂದು ಮಗನನ್ನು ಕೇಳುತ್ತಾ ಫೋನ್ ಕಡೆಗೆ ಕೈ ಚಾಚುತ್ತೀರಲ್ಲ, ಅಲ್ಲಿ ಮುಖ ಸಡಿಲವಾಗುತ್ತದೆ, ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಹುಬ್ಬು ಏಳುತ್ತದೆ. ಆ “ಆಯ್ತಾ?” ಎಂದ ಹೆಂಗಸಿಗೆ ನಾನಾದರೂ ನನ್ನ ಮಗಳನ್ನು ಒಪ್ಪಿಸಿಯೇನು. ಅದಕ್ಕೆ ಮೊದಲು 84 ಸೆಕೆಂಡು ಮಾತಾಡಿದವರು ಬೇರೆ ಯಾರೋ.

ಕಾರಣ ಸರಳ. ನೀವು ಬರೆದು ಬಾಯಿಪಾಠ ಮಾಡಿದ್ದೀರಿ. ಬಾಯಿಪಾಠ ಒಪ್ಪಿಸುವವರ ಗಮನ ಕೇಳುವವರ ಮೇಲೆ ಇರುವುದಿಲ್ಲ, ಮುಂದಿನ ವಾಕ್ಯದ ಮೇಲೆ ಇರುತ್ತದೆ. ಅದು ಕಣ್ಣಿನಲ್ಲಿ ಗೊತ್ತಾಗುತ್ತದೆ. ನೀವೇ ತರಗತಿಯಲ್ಲಿ ಸಾವಿರ ಸಲ ನೋಡಿರುತ್ತೀರಿ: ಪದ್ಯ ಒಪ್ಪಿಸುವ ಹುಡುಗ ಮೇಲೆ ಮಾಡಿನ ಕಡೆ ನೋಡುತ್ತಾನೆ. ನೀವು ಮಾಡು ನೋಡಿಲ್ಲ, ನಿಮ್ಮನ್ನೇ ನೋಡಿಕೊಂಡಿದ್ದೀರಿ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದೀರಿ, ಕಣ್ಣು ಸ್ಕ್ರೀನಿನಲ್ಲಿ ಕಾಣುವ ನಿಮ್ಮ ಮುಖದ ಮೇಲೆ ಇದೆ, ಲೆನ್ಸ್ ಇರುವುದು ಅದರ ಪಕ್ಕದಲ್ಲಿ. ನೋಡುವವರಿಗೆ ನೀವು ಅವರ ಕಿವಿಯ ಹತ್ತಿರ ಎಲ್ಲೋ ನೋಡುತ್ತಾ ಮಾತಾಡಿದ ಹಾಗೆ ಅನಿಸುತ್ತದೆ. ಏನು ಸರಿಯಿಲ್ಲ ಎಂದು ಅವರಿಗೆ ಹೇಳಲು ಬರುವುದಿಲ್ಲ. ಆದರೆ ಮುಂದಿನ ಪ್ರೊಫೈಲಿಗೆ ಹೋಗುತ್ತಾರೆ.

ಹಾಗಾಗಿ ಮೊದಲು ಫೋನನ್ನು ತಿರುಗಿಸಿ, ಹಿಂದಿನ ಕ್ಯಾಮೆರಾ ಬಳಸಿ. ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕಿಂತ ದೊಡ್ಡ ಲಾಭ ನಿಮ್ಮ ಮುಖ ನಿಮಗೆ ಕಾಣುವುದಿಲ್ಲ. ಫೋನನ್ನು ಅಡ್ಡ ಹಿಡಿಯುವಂತೆ ಇಡಿ, ಪ್ರೆಪ್ಲಿ ಕೇಳುವುದು ಅಡ್ಡ ವಿಡಿಯೊವನ್ನೇ. ಲೆನ್ಸ್ ನಿಮ್ಮ ಕಣ್ಣಿನ ಎತ್ತರಕ್ಕೇ ಬರಬೇಕು. ಈಗಿನದು ಟೀಪಾಯಿಯ ಮೇಲಿನಿಂದ ತೆಗೆದದ್ದು, ನಿಮ್ಮ ಮೂಗಿನ ಕೆಳಭಾಗ ಮತ್ತು ತಿರುಗುವ ಫ್ಯಾನು ಎರಡೂ ಕಾಣುತ್ತವೆ. ಟ್ರೈಪಾಡ್ ಕೊಳ್ಳಬೇಕೆಂದಿಲ್ಲ. ಮೇಜಿನ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಎರಡು ದಪ್ಪ ಪುಸ್ತಕ, ಫೋನಿಗೆ ಬೆನ್ನು ಕೊಡಲು ಒಂದು ಚೆಂಬು.

ಆಮೇಲೆ ಫೋನಿನ ಹಿಂದೆ ಒಬ್ಬರನ್ನು ಕೂರಿಸಿ. ಮಗ ಬೇಡ, ಅವನು ನಗುತ್ತಾನೆ. ತಂಗಿಯೋ ಪಕ್ಕದ ಮನೆಯವರೋ ಆಗಬಹುದು. ಅವರ ಮುಖ ಲೆನ್ಸಿನ ಸ್ವಲ್ಪ ಮೇಲೆ ಬರಲಿ. ಅವರು ಒಂದೊಂದೇ ಪ್ರಶ್ನೆ ಕೇಳಬೇಕು, ನೀವು ಕೇಳಿ, ಒಮ್ಮೆ ಉಸಿರು ತೆಗೆದುಕೊಂಡು, ಲೆನ್ಸ್ ನೋಡಿ ಉತ್ತರಿಸಬೇಕು. ಆಮೇಲೆ ಪ್ರಶ್ನೆಗಳನ್ನು ಕತ್ತರಿಸಿದರಾಯಿತು. ಮದುವೆ ವಿಡಿಯೊ ತೆಗೆಯುತ್ತಿದ್ದ ಕಾಲದಲ್ಲಿ ನಾನು ಕಲಿತದ್ದು ಇದು. “ಎರಡು ಮಾತು ಹೇಳಿ” ಅಂದರೆ ಎಂತಹ ವಾಚಾಳಿಯೂ ಮರದ ಕೊರಡಾಗುತ್ತಾನೆ. “ಹುಡುಗಿಯನ್ನು ಮೊದಲು ನೋಡಿದ್ದು ಎಲ್ಲಿ?” ಅಂದರೆ ನಿಲ್ಲಿಸುವುದೇ ಕಷ್ಟ. ಕೇಳಲು ಯಾರೂ ಸಿಗದಿದ್ದರೆ ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬಳ ಫೋಟೊವನ್ನು ಲೆನ್ಸಿಗೆ ತಾಗುವಂತೆ ಅಂಟಿಸಿ. ಸ್ವಲ್ಪ ಹುಚ್ಚುತನದಂತೆ ಕಾಣುತ್ತದೆ, ಕೆಲಸ ಮಾಡುತ್ತದೆ.

ಮೂರು ಪ್ರಶ್ನೆ ಸಾಕು. ಯಾವ ಮೂರು ಎಂಬುದೇ ಮುಖ್ಯ, ಅದಕ್ಕೆ ನಿಮ್ಮ ಈಗಿನ ಮಾತುಗಳನ್ನೊಮ್ಮೆ ನೋಡೋಣ. “ಎಲ್ಲರಿಗೂ ನಮಸ್ಕಾರ. ನನ್ನ ಹೆಸರು…” ಎಂದು ಶುರು. ನಂತರ ನೀವು ಅನುಭವಿ ಶಿಕ್ಷಕಿ, ತಾಳ್ಮೆಯವರು, ಮಕ್ಕಳೆಂದರೆ ಪ್ರೀತಿ, ಕಲಿಕೆಯನ್ನು ಆನಂದದಾಯಕ ಮಾಡುತ್ತೀರಿ, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕಂತೆ ಪಾಠ ರೂಪಿಸುತ್ತೀರಿ. ಇವುಗಳಲ್ಲಿ ಸುಳ್ಳು ಒಂದೂ ಇಲ್ಲ ಎಂದು ನನಗೆ ಗೊತ್ತು. ಆದರೆ ಟೀಚರ್ ಆಗಿ ಪ್ರೊಫೈಲ್ ಹಾಕಿದ ಯಾರೂ “ನನಗೆ ತಾಳ್ಮೆ ಇಲ್ಲ” ಎಂದು ಹೇಳಿಕೊಳ್ಳುವುದಿಲ್ಲವಲ್ಲ. ಎಲ್ಲರೂ ಹೇಳುವ ಮಾತನ್ನು ಕೇಳಿ ಯಾರೂ ಆರಿಸಿಕೊಳ್ಳುವುದಿಲ್ಲ. ನೋಡುವ ತಾಯಿಗೆ ಗೊತ್ತಾಗಬೇಕಾದದ್ದು ಒಂದೇ: ಈ ಹೆಂಗಸಿನ ಎದುರು ನನ್ನ ಮಗು ಅರ್ಧ ಗಂಟೆ ಕುಳಿತೀತೇ? ಅದನ್ನು ಹೇಳಿ ಒಪ್ಪಿಸಲು ಆಗುವುದಿಲ್ಲ. ಒಂದು ಚೂರು ಪಾಠ ಮಾಡಿ ತೋರಿಸಬೇಕು.

ನಿಮ್ಮ ಇಮೇಲಿನಲ್ಲಿ ಒಂದು ಸಾಲು ಇತ್ತು, ನೀವು ಅದನ್ನು ಸುಮ್ಮನೆ ಬರೆದಿರಬಹುದು. ಹೊರಗೆ ಬೆಳೆದ ಮಕ್ಕಳಿಗೆ ಲಕಾರ–ಳಕಾರ ಒಂದೇ ಕೇಳುತ್ತದೆ, ನಿಮ್ಮ ನಾದಿನಿಯ ಮಗ “ಅಜ್ಜಿ ಹಲ್ಲಿಯಲ್ಲಿ ಇದ್ದಾರೆ” ಎಂದ ಅಂತ. ನಿಮ್ಮ ವಿಡಿಯೊ ಇರುವುದು ಅಲ್ಲಿ! ಮೊದಲ ಪ್ರಶ್ನೆ ಹೀಗಿರಲಿ: “ಅಕ್ಕ, ಅಲ್ಲಿಯ ಮಕ್ಕಳು ಯಾವುದರಲ್ಲಿ ಹೆಚ್ಚು ಎಡವುತ್ತಾರೆ?” ನೀವು ಆ ಹಲ್ಲಿಯ ಕತೆ ಹೇಳಿ. ಆಮೇಲೆ ಒಂದು ಅಂಗೈಯನ್ನು ಮೇಲೆ ಮಾಡಿನ ಹಾಗೆ ಹಿಡಿಯಿರಿ, ಅದು ಬಾಯಿಯ ಅಂಗುಳ. ಇನ್ನೊಂದು ಅಂಗೈ ಅದರ ಕೆಳಗೆ, ಅದು ನಾಲಿಗೆ. “ಹಲ್ಲಿ” ಅನ್ನುವಾಗ ಬೆರಳ ತುದಿ ಮುಂದೆ, ಹಲ್ಲಿನ ಹಿಂದೆ ತಾಗಲಿ. “ಹಳ್ಳಿ” ಅನ್ನುವಾಗ ಬೆರಳು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಲಿ. ಎರಡು ಸಲ ಹೇಳಿ, ಒಂದು ಕ್ಷಣ ಬಿಡಿ, “ಈಗ ನೀನು ಹೇಳು” ಎಂದು ಲೆನ್ಸಿಗೆ ಹೇಳಿ ನಿಜವಾಗಿ ಕಾಯಿರಿ. ಎರಡು ಸೆಕೆಂಡು ಮೌನ. ನೋಡುವವರ ನಾಲಿಗೆ ಬಾಯೊಳಗೆ ತಾನಾಗಿ ಮಡಚುತ್ತದೆ. ನೀವು ಹೇಗೆ ಕಲಿಸುತ್ತೀರಿ, ಕಾಯುವ ಗುಣ ಇದೆಯೋ ಇಲ್ಲವೋ, ಎಲ್ಲ ಇಪ್ಪತ್ತು ಸೆಕೆಂಡಿನಲ್ಲಿ ತಿಳಿಯಿತು. ತಾಳ್ಮೆ ಎಂಬ ಪದ ಬಾಯಿಗೆ ಬರಲೇ ಇಲ್ಲ.

ಎರಡನೆಯ ಪ್ರಶ್ನೆ, “ನೀವು ಎಲ್ಲಿ, ಎಷ್ಟು ವರ್ಷ, ಯಾವ ತರಗತಿಗೆ ಕಲಿಸಿದ್ದು?” ಇಲ್ಲಿ ವಿಶೇಷಣ ಬಿಟ್ಟು ಲೆಕ್ಕ ಕೊಡಿ. “ಉಡುಪಿ ಜಿಲ್ಲೆಯ ಶಾಲೆಯೊಂದರಲ್ಲಿ 11 ವರ್ಷ, ಒಂದರಿಂದ ಐದನೆಯ ತರಗತಿಗೆ” ಎಂದರೆ ಮುಗಿಯಿತು. ಶಾಲೆಯ ಹೆಸರು ಬೇಡ. ನಿಮ್ಮ ಮನೆತನದ ಹೆಸರು, ಫೋನ್ ನಂಬರು, ಇಮೇಲ್ ಯಾವುದೂ ಬೇಡ. ಪ್ರೆಪ್ಲಿಯ ನಿಯಮದಲ್ಲೇ ಅವು ನಿಷಿದ್ಧ, ಇದ್ದರೆ ವಿಡಿಯೊ ತಿರಸ್ಕಾರವಾಗುತ್ತದೆ. ನಿಮ್ಮ ಹಿಂದಿನ ಗೋಡೆಯಲ್ಲಿ ಸಹಕಾರಿ ಸಂಘದ ಕ್ಯಾಲೆಂಡರ್ ಉಂಟಲ್ಲ, ಅದನ್ನೂ ತೆಗೆದಿಡಿ. ಅದರಲ್ಲಿ ಲೋಗೊ, ನಂಬರು ಎರಡೂ ದೊಡ್ಡದಾಗಿ ಕಾಣುತ್ತವೆ. ಗಂಟೆಗೆ ಎಷ್ಟು, ಯಾವ ಹೊತ್ತಿಗೆ ಬಿಡುವು ಎಂಬುದನ್ನೂ ಹೇಳಬೇಡಿ. ಅವು ಪ್ರೊಫೈಲಿನಲ್ಲಿ ಬರೆದಿರುತ್ತವೆ, ಬದಲಾದರೆ ಅಲ್ಲಿ ತಿದ್ದಬಹುದು. ವಿಡಿಯೊದಲ್ಲಿ ಹೇಳಿದರೆ ಮತ್ತೆ ಅಕ್ಕಿ ಡಬ್ಬ ಹೊರಬೇಕು.

ಮೂರನೆಯದು, “ಮೊದಲ ಕ್ಲಾಸಿನಲ್ಲಿ ಎಂತ ಮಾಡ್ತೀರಿ?” ಇದನ್ನು ನಿಮ್ಮ ವಿಡಿಯೊದಲ್ಲಿ ಮುಟ್ಟಿಯೇ ಇಲ್ಲ. ದುಡ್ಡು ಕೊಡುವ ಮೊದಲು ಜನಕ್ಕೆ ಇರುವ ಅಂಜಿಕೆ ಇದರದ್ದೇ. ನೀವು ನಿಜವಾಗಿ ಮಾಡುವುದನ್ನೇ ಹೇಳಿ: ಮೊದಲ ದಿನ ಪುಸ್ತಕ ತೆರೆಯುವುದಿಲ್ಲ, ಮಗು ಮನೆಯ ಮೂರು ವಸ್ತು ತಂದು ತೋರಿಸಬೇಕು, ಅವುಗಳ ಕನ್ನಡ ಹೆಸರಿನಿಂದ ಮಾತು ಶುರು. ಜೊತೆಗೆ, ನೀವು ಮಾಡದ್ದನ್ನು ಒಂದು ವಾಕ್ಯದಲ್ಲಿ ಸೇರಿಸಿ: “ನಾನು ಪರೀಕ್ಷೆಗೆ ತಯಾರಿ ಮಾಡಿಸುವುದಿಲ್ಲ, ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಷ್ಟು ಕನ್ನಡ ಕಲಿಸುತ್ತೇನೆ.” ಇದರಿಂದ ಕೆಲವರು ಬಿಟ್ಟು ಹೋಗುತ್ತಾರೆ. ಹೋಗಲಿ, ಅವರು ಎರಡನೆಯ ಕ್ಲಾಸಿಗೆ ಹೇಗೂ ಬರುತ್ತಿರಲಿಲ್ಲ. ಉಳಿದವರಿಗೆ ನಿಮ್ಮ ಬೇರೆ ಮಾತುಗಳ ಮೇಲೂ ನಂಬಿಕೆ ಹುಟ್ಟುತ್ತದೆ.

ಹೆಸರನ್ನು ಎಲ್ಲಿ ಹೇಳುವುದು? ಹಲ್ಲಿ–ಹಳ್ಳಿ ಆದ ಮೇಲೆ, ಎರಡನೆಯ ಉತ್ತರದ ತಲೆಯಲ್ಲಿ. ಪ್ರೊಫೈಲಿನಲ್ಲಿ ಹೆಸರು ವಿಡಿಯೊದ ಪಕ್ಕದಲ್ಲೇ ಇರುತ್ತದೆ, ಯಾರೂ ಕಳೆದುಹೋಗುವುದಿಲ್ಲ. ಒಟ್ಟು 70–75 ಸೆಕೆಂಡು ಆಗುತ್ತದೆ. ಪ್ರೆಪ್ಲಿ 30 ಸೆಕೆಂಡಿನಿಂದ 2 ನಿಮಿಷದವರೆಗೆ ಒಪ್ಪುತ್ತದೆ, ಆ 2 ನಿಮಿಷವನ್ನು ತುಂಬಿಸಲೇಬೇಕೆಂದಿಲ್ಲ. ಭಾಷೆ? ಹಲ್ಲಿಯ ಕತೆ ಕನ್ನಡದಲ್ಲಿ, ಉಳಿದ ಎರಡು ಉತ್ತರ ನೀವು ಪೋಷಕರ ಸಭೆಯಲ್ಲಿ ಆಡುತ್ತಿದ್ದ ಸಾದಾ ಇಂಗ್ಲಿಷಿನಲ್ಲಿ. ಮಗುವಿನ ಅಪ್ಪನಿಗೋ ಅಮ್ಮನಿಗೋ ಕನ್ನಡ ಬರದಿರುವ ಮನೆಗಳೇ ನಿಮ್ಮನ್ನು ಹುಡುಕುವುದು.

ಇನ್ನು ನಮ್ಮ ಕನ್ನಡದ ಅಳುಕು. ವಿಡಿಯೊದಲ್ಲಿ ನೀವು “ಬರ್ತೀನಿ, ಮಾಡ್ತೀನಿ” ಎಂದು ಬೆಂಗಳೂರು ಮಾತು ತೊಟ್ಟುಕೊಂಡಿದ್ದೀರಿ, ಅದು ಎರವಲು ಅಂಗಿಯ ಹಾಗೆ ಎದ್ದು ಕಾಣುತ್ತದೆ. ಮಧ್ಯೆ ಒಂದು ಕಡೆ ಜಾರಿ “ಮಾಡ್ತೇನೆ” ಬಂದಿದೆ, ತಕ್ಷಣ ತಿದ್ದಿಕೊಂಡಿದ್ದೀರಿ. ಆ ತಿದ್ದುವಿಕೆಯೇ ಇಡೀ ವಿಡಿಯೊದಲ್ಲಿ ಅಸಹಜವಾದ ಜಾಗ. “ಮಾಡ್ತೇನೆ” ಬರಹದ “ಮಾಡುತ್ತೇನೆ”ಗೆ ಹತ್ತಿರ. ಓದು, ಮಾತು ಎರಡನ್ನೂ ಒಟ್ಟಿಗೆ ಕಲಿಯುವ ಮಗುವಿಗೆ ಅದು ಸುಲಭವೇ. ಆದರೆ ಮೈಸೂರಿನ ಅಜ್ಜಿ ಇರುವ ಮಗು ಮನೆಯಲ್ಲಿ “ಮಾಡ್ತೀನಿ” ಕೇಳುತ್ತದೆ ಎಂಬುದೂ ನಿಜ. ಅದಕ್ಕೆ ಮುಚ್ಚುಮರೆ ಬೇಡ: “ನಾನು ಕರಾವಳಿಯವಳು, ‘ಮಾಡ್ತೇನೆ’ ಅಂತೇನೆ. ನಿಮ್ಮ ಮನೆಯಲ್ಲಿ ‘ಮಾಡ್ತೀನಿ’ ಅಂದರೆ ಎರಡನ್ನೂ ಹೇಳಿಕೊಡ್ತೇನೆ.” ಹತ್ತು ಸೆಕೆಂಡೂ ಬೇಡ. ಮೊದಲ ಕ್ಲಾಸಿನಲ್ಲಿ ನಿಮ್ಮ ಬಾಯಿಂದ “ಉಂಟು” ಬಂದಾಗ ಯಾರೂ ಹುಬ್ಬೇರಿಸುವುದಿಲ್ಲ.

ವಿಡಿಯೊದಲ್ಲಿ ಕಂಡವರು ಮತ್ತು ಕ್ಲಾಸಿಗೆ ಬಂದವರು ಒಬ್ಬರೇ ಆಗಿರಬೇಕು. ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಲೆಕ್ಕಪತ್ರದ ಕೆಲಸ ಮಾಡುವ ಗೆಳೆಯನೊಬ್ಬನಿಗೆ ಯಾರದೋ ಚಂದದ ಕಚೇರಿಯಲ್ಲಿ ಕೋಟು ಹಾಕಿಸಿ, ಹಿನ್ನೆಲೆಗೆ ಸಂಗೀತ ಇಟ್ಟು ವಿಡಿಯೊ ಮಾಡಿಕೊಟ್ಟೆ. ನೋಡಲು ಭರ್ಜರಿ. ಮೊದಲ ಕರೆಯಲ್ಲೇ ಗಿರಾಕಿ ಕೇಳಿದನಂತೆ, “ನಿಮ್ಮ ಆಫೀಸ್ ಎಲ್ಲಿ?” ಇವನು ಕದ್ರಿಯ ಬಾಡಿಗೆ ಮನೆಯ ಅಡುಗೆ ಕೋಣೆಯ ಪಕ್ಕದಲ್ಲಿ ಬನಿಯನ್ ಮೇಲೆ ಶರ್ಟು ಸಿಕ್ಕಿಸಿಕೊಂಡು ಕುಳಿತಿದ್ದ. ಆ ಕೆಲಸ ಸಿಗಲಿಲ್ಲ. ನೀವು ಪಾಠ ಮಾಡುವ ಕೋಣೆಯಲ್ಲೇ, ಪಾಠಕ್ಕೆ ಉಡುವ ಸೀರೆಯಲ್ಲೇ ತೆಗೆಯಿರಿ. ಮುಖ ನುಣುಪು ಮಾಡುವ ಫಿಲ್ಟರನ್ನು ಆಫ್ ಮಾಡಿ. ಕೆಲವು ಫೋನಿನಲ್ಲಿ ಅದು ಮೊದಲೇ ಆನ್ ಆಗಿರುತ್ತದೆ.

ಈಗ ಸದ್ದು. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಅದರಲ್ಲೂ ನೀವು ಲಕಾರ–ಳಕಾರ ತೋರಿಸುವವರು. ನಿಮ್ಮ ವಿಡಿಯೊದಲ್ಲಿ ದನಿ ಬಾವಿಯೊಳಗಿನಿಂದ ಬಂದ ಹಾಗಿದೆ. ಚಾವಡಿಯಲ್ಲಿ ತೆಗೆದಿದ್ದೀರಿ, ಕೆಂಪು ಸಿಮೆಂಟಿನ ನೆಲ, ಖಾಲಿ ಗೋಡೆ, ಫೋನು ಐದಾರು ಅಡಿ ದೂರ. ಅಷ್ಟು ದೂರದಲ್ಲಿ ನಿಮ್ಮ ದನಿಯಷ್ಟೇ ಜೋರಾಗಿ ಗೋಡೆಯಿಂದ ಮರಳಿದ ದನಿಯೂ ಮೈಕಿಗೆ ಬೀಳುತ್ತದೆ. ಮಲಗುವ ಕೋಣೆಗೆ ಹೋಗಿ, ಹಾಸಿಗೆ ಇರಲಿ, ಸೀರೆಯ ಕಪಾಟಿನ ಬಾಗಿಲು ತೆರೆದಿಡಿ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. “ಟಪ್” ಎಂದು ನಿಂತರೆ ಸರಿ, “ಟಂಯ್” ಎಂದು ಎಳೆದರೆ ಇನ್ನೆರಡು ಬೆಡ್‌ಶೀಟ್ ಬೇಕು. ಫೋನು ಕೈಯಳತೆಯಲ್ಲಿರಲಿ. ಅಷ್ಟು ಹತ್ತಿರ ಬೇಡವೆನಿಸಿದರೆ ವೈರ್ ಇರುವ ಕಾಲರ್ ಮೈಕ್ ಸಿಕ್ಕಿಸಿ, ಆದರೆ ಕರಿಮಣಿ ಅದಕ್ಕೆ ಬಡಿಯದ ಹಾಗೆ ಪಕ್ಕಕ್ಕೆ. ನಿಮ್ಮ ಈಗಿನ ವಿಡಿಯೊದಲ್ಲಿ ಆಗಾಗ ಕೇಳುವ ಸಣ್ಣ “ಕಿಣಿ ಕಿಣಿ” ನಿಮ್ಮ ಬಳೆ. ಅಂಗೈ ನಾಲಿಗೆ ಮಾಡುವಾಗ ಅದು ಇನ್ನೂ ಜೋರಾಗುತ್ತದೆ, ಗಾಜಿನ ಬಳೆ ಅರ್ಧ ಗಂಟೆ ತೆಗೆದಿಡಿ.

ಫ್ಯಾನ್ ಆಫ್ ಮಾಡಲೇಬೇಕು. ಏಪ್ರಿಲ್–ಮೇಯಲ್ಲಿ ನಮ್ಮೂರಿನಲ್ಲಿ ಫ್ಯಾನ್ ಇಲ್ಲದೆ ಮೂರು ನಿಮಿಷ ಕುಳಿತರೆ ಹಣೆಯಲ್ಲಿ ಧಾರೆ ಎಂದು ನನಗೂ ಗೊತ್ತು. ಮೂರು ಪ್ರಶ್ನೆಯ ಉಪಾಯ ಇಲ್ಲೂ ನೆರವಾಗುತ್ತದೆ. ಒಂದು ಉತ್ತರಕ್ಕೆ ಹೆಚ್ಚೆಂದರೆ ಅರ್ಧ ನಿಮಿಷ, ಫ್ಯಾನ್ ಹಾಕಿ, ಮುಖ ಒರೆಸಿ, ನೀರು ಕುಡಿದು ಮುಂದಿನದು. ಮಳೆಗಾಲದಲ್ಲಿ ಹಂಚಿನ ಮಾಡು, ಅದಕ್ಕಿಂತ ಹೆಚ್ಚಾಗಿ ಅಂಗಳಕ್ಕೆ ಹೊದಿಸಿದ ತಗಡಿನ ಶೀಟು ಎಲ್ಲವನ್ನೂ ನುಂಗಿಬಿಡುತ್ತದೆ. ಹೊಳವು ಸಿಕ್ಕಾಗ ತೆಗೆಯಬೇಕು, ಆಮೇಲೆ ಸದ್ದು ತೆಗೆಯುವ ಆ್ಯಪ್ ಹಾಕುತ್ತೇನೆ ಎಂದರೆ ಮಳೆಯ ಜೊತೆ ನಿಮ್ಮ ಳಕಾರವನ್ನೂ ಅದು ಸವೆಸುತ್ತದೆ. ರಾತ್ರಿ ನಿಶ್ಶಬ್ದ ಎಂದುಕೊಳ್ಳಬೇಡಿ, ಗದ್ದೆಯ ಕಪ್ಪೆಗಳಿವೆ. ಬೆಳಿಗ್ಗೆ ಏಳೂವರೆಯಿಂದ ಎಂಟೂವರೆ, ಮೀನಿನವರ ಹಾರ್ನ್ ದಾಟಿದ ಮೇಲೆ, ನನಗೆ ಈ ಕಡೆ ಸಿಕ್ಕ ಒಳ್ಳೆಯ ಹೊತ್ತು.

ಆ ಹೊತ್ತಿಗೆ ಬೆಳಕೂ ಸರಿಯಿರುತ್ತದೆ. ಕಿಟಕಿ ನಿಮ್ಮ ಎದುರಿಗೆ, ತುಸು ಪಕ್ಕಕ್ಕೆ ಇರಲಿ. ತೀರಾ ನೇರವಾದರೆ ಕನ್ನಡಕದಲ್ಲಿ ಕಿಟಕಿಯ ಸರಳುಗಳೇ ಕಾಣುತ್ತವೆ. ಕಿಟಕಿ ಬೆನ್ನ ಹಿಂದಿದ್ದರೆ ನೀವು ನೆರಳು ಮಾತ್ರ. ಟ್ಯೂಬ್‌ಲೈಟ್ ಆಫ್ ಮಾಡಿ. ಮೇಲಿನಿಂದ ಬೀಳುವ ಬೆಳಕು ಕಣ್ಣಿನ ಗುಳಿಯನ್ನು ಕಪ್ಪಾಗಿಸುತ್ತದೆ. ಕೆಲವು ಎಲ್‌ಇಡಿಗಳು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದು, ಕ್ಯಾಮೆರಾದಲ್ಲಿ ಮೇಲಿಂದ ಕೆಳಗೆ ಪಟ್ಟೆ ಹರಿಯುತ್ತದೆ. ಮಗನಿಗೆ ನಿಮ್ಮ ಮುಖ ಕೆಂಪಾಗಿ ಕಂಡಿತು ಎಂದಿರಲ್ಲ, ಅದು ನಾಚಿಕೆಯೂ ಅಲ್ಲ, ಫೋನಿನ ದೋಷವೂ ಅಲ್ಲ. ಬಾಗಿಲಿನ ಬಿಸಿಲು ಕಾವಿ ನೆಲಕ್ಕೆ ಬಿದ್ದು ಗಲ್ಲದ ಕೆಳಗಿನಿಂದ ಮುಖಕ್ಕೆ ಹೊಡೆಯುತ್ತಿದೆ. ನೆಲದ ಮೇಲೆ ಒಂದು ಬಿಳಿ ಮುಂಡು ಹಾಸಿ ನೋಡಿ, ಮೈಬಣ್ಣ ಮರಳುತ್ತದೆ.

ಎಷ್ಟು ಸಲ ತೆಗೆಯಬೇಕು? ಪ್ರತಿ ಪ್ರಶ್ನೆಗೆ ಮೂರು ಸಲ, ಹೆಚ್ಚು ಬೇಡ. ನನ್ನ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡನೆಯದು ಚೆನ್ನಾಗಿರುತ್ತದೆ: ಮೊದಲನೆಯದರಲ್ಲಿ ಅಂಜಿಕೆ, ನಾಲ್ಕನೆಯದರ ಹೊತ್ತಿಗೆ ಮತ್ತೆ ಬಾಯಿಪಾಠ. ಮಾತಿನ ನಡುವೆ ಒಂದು ಪದ ತಡವರಿಸಿದರೆ ಹಾಗೇ ಬಿಡಿ. ಕತ್ತರಿಸುವುದು ಪ್ರತಿ ಉತ್ತರದ ತಲೆ, ಬಾಲ ಮಾತ್ರ. ವಾಕ್ಯದ ಮಧ್ಯೆ ಕತ್ತರಿಸಿದರೆ ತಲೆ ಪಟ್ಟನೆ ಹಾರುತ್ತದೆ, ಏನನ್ನೋ ಅಡಗಿಸಿದ ಹಾಗೆ ಕಾಣುತ್ತದೆ.

ಕಂಪ್ಯೂಟರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳಿಸಬೇಡಿ, ಅದು ಹಿಂಡಿ ಮಸುಕು ಮಾಡುತ್ತದೆ. ನನಗೆ ಬಂದದ್ದೂ ಹಾಗೇ ಬಂತು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ. ಯೂಟ್ಯೂಬಿಗೆ ಏರಿಸಿ ಲಿಂಕ್ ಕೊಡುವುದಾದರೆ `Unlisted` ಆರಿಸಿ. `Private` ಎಂದು ಕೊಟ್ಟರೆ ನಿಮಗೆ ಮಾತ್ರ ಕಾಣುತ್ತದೆ, ಪ್ರೊಫೈಲಿಗೆ ಬಂದವರಿಗೆ ಖಾಲಿ ಚೌಕ.

ಏರಿಸುವ ಮೊದಲು ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಒಬ್ಬರಿಗೆ ಒಮ್ಮೆ ತೋರಿಸಿ, “ಹೇಗಿದೆ?” ಎಂದು ಕೇಳಬೇಡಿ, ಎಲ್ಲರೂ “ಲಾಯ್ಕ ಉಂಟು” ಅಂತಾರೆ. “ಇವರು ಯಾರಿಗೆ ಎಂತ ಕಲಿಸ್ತಾರೆ?” ಎಂದು ಕೇಳಿ. ಅವರು ಉತ್ತರ ಹೇಳುವ ಮೊದಲು ಬಾಯೊಳಗೇ “ಹಳ್ಳಿ” ಎಂದು ನಾಲಿಗೆ ಮಡಚಿ ನೋಡಿದರೆ ಅಂದೇ ಏರಿಸಿಬಿಡಿ.